ಥರ್ಮಾಮೀಟರು ತೂಗುವ ಅಣು

60 ಗ್ರಾಂ ಯೂರಿಯಾವನ್ನು ಒಂದಿಷ್ಟು ನೀರಿನಲ್ಲಿ ಕರಗಿಸಿ. ಅಷ್ಟೇ ನೀರಿನ ಇನ್ನೊಂದು ಪಾತ್ರೆಯಲ್ಲಿ 342 ಗ್ರಾಂ ಸಕ್ಕರೆ ಕರಗಿಸಿ. ತೂಕ ಐದಾರು ಪಟ್ಟು ಬೇರೆ, ರುಚಿ ಬೇರೆ, ರಚನೆ ಬೇರೆ. ಆದರೂ ನೀರು ಸಾಕಷ್ಟಿದ್ದು ದ್ರಾವಣ ತೆಳುವಾಗಿದ್ದರೆ, ಎರಡೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ ಹೆಪ್ಪುಗಟ್ಟಲು ತೊಡಗುತ್ತವೆ. ಆ ಎರಡು ತೂಕಗಳಲ್ಲಿರುವ ಅಣುಗಳ ಸಂಖ್ಯೆ ಒಂದೇ ಆಗಿರುವುದೇ ಇದಕ್ಕೆ ಕಾರಣ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ರೌಲ್ಟ್ 1880ರ ದಶಕದಲ್ಲಿ ಹತ್ತಾರು ಸಾವಯವ ವಸ್ತುಗಳ ಮೇಲೆ ಇಂಥ ಅಳತೆ ನಡೆಸಿ, ಕಣ್ಣಿಗೆ ಕಾಣದ ಅಣುವನ್ನು ತೂಗುವ ದಾರಿಯೊಂದನ್ನು ತೆರೆದರು.

ಇದರ ಬೇರು ಆವಿ ಒತ್ತಡದಲ್ಲಿದೆ. ದ್ರವದ ಮೇಲ್ಮೈಯಿಂದ ಅಣುಗಳು ಸದಾ ಹಾರಿಹೋಗುತ್ತಿರುತ್ತವೆ. ಆವಿಯಾಗದ ವಸ್ತುವೊಂದನ್ನು ಬೆರೆಸಿದಾಗ ಹಾರಬಲ್ಲ ಅಣುಗಳ ಪಾಲು ಕಡಿಮೆಯಾಗುತ್ತದೆ. ನೂರು ಅಣುಗಳಲ್ಲಿ ಐದು ಹೊರಗಿನವಾದರೆ ಆವಿ ಒತ್ತಡವೂ ಶೇ 5ರಷ್ಟು ಇಳಿಯುತ್ತದೆ. ಈ ಲೆಕ್ಕಕ್ಕೆ ಸರಿಯಾಗಿ ನಡೆಯುವುದೇ ಆದರ್ಶ ದ್ರಾವಣ. ಅಲ್ಲಿ ಅಣುವಿಗೆ ತನ್ನವರು, ಪರರು ಎಂಬ ಭೇದವಿಲ್ಲ, ಎಲ್ಲರೊಂದಿಗೂ ಸೆಳೆತ ಒಂದೇ. ಒಂದೇ ಬಗೆಯ ಬೆಂಜೀನ್ ಮತ್ತು ಟಾಲ್ವೀನ್ ಬೆರೆತಾಗ ಈ ಆದರ್ಶಕ್ಕೆ ಬಹಳ ಹತ್ತಿರ ಬರುತ್ತವೆ. ಉಳಿದ ದ್ರಾವಣಗಳು ತೆಳುವಾಗಿದ್ದಾಗ ಮಾತ್ರ ದ್ರಾವಕದ ಮಟ್ಟಿಗೆ ನಿಯಮವನ್ನು ಪಾಲಿಸುತ್ತವೆ.

ಹೆಪ್ಪುಗಟ್ಟುವಾಗಲೂ ಇದೇ ಕೊರತೆ ಕೆಲಸ ಮಾಡುತ್ತದೆ. ಬೆಂಜೀನ್ ದ್ರಾವಣದಲ್ಲಿ ಮೂಡುವ ಹರಳು ಶುದ್ಧ ಬೆಂಜೀನಿನದೇ, ಕರಗಿದ ವಸ್ತುವಿಗೆ ಅದರೊಳಗೆ ಜಾಗವಿಲ್ಲ. ಹರಳನ್ನು ಬಿಟ್ಟು ಹೋಗುವ ಅಣುಗಳ ವೇಗ ಮೊದಲಿನಷ್ಟೇ ಇರುತ್ತದೆ, ಆದರೆ ದ್ರವದ ಕಡೆಯಿಂದ ಬಂದು ಸೇರುವವು ಕಡಿಮೆಯಾಗುತ್ತವೆ. ಹೋಗುವುದು, ಬರುವುದು ಮತ್ತೆ ಸಮವಾಗಲು ಉಷ್ಣತೆ ಇನ್ನೂ ಇಳಿಯಬೇಕು. ಒಂದು ಕಿಲೋಗ್ರಾಂ ಬೆಂಜೀನಿಗೆ ಒಂದು ಮೋಲ್ ವಸ್ತು ಎಂಬ ಲೆಕ್ಕದಲ್ಲಿ ಈ ಇಳಿತ 5.12 ಡಿಗ್ರಿ. ನೀರಿಗಾದರೆ ಬರೀ 1.86.

ನುಸಿಗುಳಿಗೆಯ ನ್ಯಾಫ್ತಲೀನ್ 1.28 ಗ್ರಾಂ ತೆಗೆದುಕೊಂಡು 50 ಗ್ರಾಂ ಬೆಂಜೀನಿನಲ್ಲಿ ಕರಗಿಸಿದೆವೆನ್ನಿ. ಶುದ್ಧ ಬೆಂಜೀನ್ ಹೆಪ್ಪುಗಟ್ಟುವುದು 5.5 ಡಿಗ್ರಿಯಲ್ಲಿ, ಇದು ಸುಮಾರು 4.48ರಲ್ಲಿ. ಇಳಿತ 1.02 ಡಿಗ್ರಿ. ಅದನ್ನು 5.12ರಿಂದ ಭಾಗಿಸಿದರೆ 0.2 ಬರುತ್ತದೆ, ಅಂದರೆ ಕಿಲೋಗ್ರಾಂ ಬೆಂಜೀನಿಗೆ 0.2 ಮೋಲ್. ನಾವು ಬಳಸಿದ ಪ್ರಮಾಣವನ್ನು ಒಂದು ಕಿಲೋಗ್ರಾಂಗೆ ಏರಿಸಿದರೆ ನ್ಯಾಫ್ತಲೀನ್ 25.6 ಗ್ರಾಂ ಆಗುತ್ತದೆ. 25.6ನ್ನು 0.2ರಿಂದ ಭಾಗಿಸಿದರೆ 128. ನ್ಯಾಫ್ತಲೀನಿನ ಮೋಲಾರ್ ರಾಶಿ ಅದೇ.

ಕಷ್ಟವಿರುವುದು ಆ 1.02ನ್ನು ಓದುವುದರಲ್ಲಿ. ಥರ್ಮಾಮೀಟರು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೆ ಉತ್ತರ ಶೇ 10ರಷ್ಟು ತಪ್ಪುತ್ತದೆ. ಅದಕ್ಕೇ ಜರ್ಮನಿಯ ಬೆಕ್‌ಮನ್ ಐದಾರು ಡಿಗ್ರಿಯ ಹರವನ್ನಷ್ಟೇ ತೋರಿಸುವ, ನೂರನೇ ಒಂದು ಭಾಗದ ಗೆರೆಗಳಿರುವ ಥರ್ಮಾಮೀಟರನ್ನು ರೂಪಿಸಿದರು. ಇನ್ನೊಂದು ತೊಡಕೂ ಇದೆ. ದ್ರವ ಹೆಪ್ಪುಗಟ್ಟುವ ಮುನ್ನ ತನ್ನ ಬಿಂದುವಿಗಿಂತ ಕೆಳಗೆ ಜಾರಿ, ಹರಳು ಮೂಡಿದೊಡನೆ ಥಟ್ಟನೆ ಮೇಲೇರುತ್ತದೆ. ಒಂದು ಡಿಗ್ರಿ ಜಾರಿದರೆ ಬೆಂಜೀನಿನ ಸುಮಾರು ಶೇ 1.4 ಭಾಗ ಒಮ್ಮೆಲೇ ಹರಳಾಗಿ, ಉಳಿದ ದ್ರಾವಣ ಅಷ್ಟು ಗಟ್ಟಿಯಾಗುತ್ತದೆ. ಆಗ ಇಳಿತ ಹೆಚ್ಚಾಗಿ ಕಾಣುತ್ತದೆ, ಅಣುವಿನ ತೂಕ ಕಡಿಮೆ ಬರುತ್ತದೆ. ಬಿಡದೆ ಕಲಕುತ್ತ, ನಿಧಾನವಾಗಿ ತಂಪು ಮಾಡಿ, ನಿಮಿಷಕ್ಕೊಮ್ಮೆ ಓದಿದ ಅಂಕಿಗಳನ್ನು ರೇಖಾಚಿತ್ರದಲ್ಲಿ ಗುರುತಿಸಿ ಹಿಂದಕ್ಕೆ ಎಳೆದು ನೋಡುವುದೇ ಇದಕ್ಕೆ ಪರಿಹಾರ. ಬೆಂಜೀನ್ ಕ್ಯಾನ್ಸರ್‌ಕಾರಕವಾದ್ದರಿಂದ ಕಾಲೇಜುಗಳಲ್ಲಿ ಈಗ ಅದರ ಬದಲು ಸೈಕ್ಲೋಹೆಕ್ಸೇನ್ ಬಳಸುವುದುಂಟು. ಅದರ ಇಳಿತ ಮೋಲಿಗೆ ಸುಮಾರು 20 ಡಿಗ್ರಿ, ಹೀಗಾಗಿ ಓದುವುದೂ ಸುಲಭ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಲೆಕ್ಕ ತಪ್ಪಿದಂತೆ ಕಾಣುವ ಸಂದರ್ಭವೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 50 ಗ್ರಾಂ ಬೆಂಜೀನಿನಲ್ಲಿ 0.61 ಗ್ರಾಂ ಬೆಂಜೋಯಿಕ್ ಆಮ್ಲ ಕರಗಿಸಿ. ಅದರ ಮೋಲಾರ್ ರಾಶಿ 122, ಹಾಗಾಗಿ 0.51 ಡಿಗ್ರಿ ಇಳಿಯಬೇಕು. ಇಳಿಯುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. 0.27 ಎಂದಿಟ್ಟುಕೊಂಡರೆ ರಾಶಿ 231 ಬರುತ್ತದೆ, ಸರಿಸುಮಾರು ಇಮ್ಮಡಿ. ಇಲ್ಲಿ ಥರ್ಮಾಮೀಟರು ತಪ್ಪಿಲ್ಲ. ಬೆಂಜೀನಿನಲ್ಲಿ ಈ ಆಮ್ಲದ ಅಣುಗಳು ಹೈಡ್ರೋಜನ್ ಬಂಧದಿಂದ ಎರಡೆರಡಾಗಿ ಜೋಡಿಕೊಳ್ಳುತ್ತವೆ. ಎರಡು ಅಣು ಸೇರಿದರೆ ಎಣಿಕೆಗೆ ಒಂದೇ. ಪೂರ್ತಿ ಜೋಡಿಯಾಗಿದ್ದರೆ 244 ಬರಬೇಕಿತ್ತು. 231 ಬಂದಿದೆಯೆಂದರೆ ಕೆಲವು ಅಣುಗಳು ಇನ್ನೂ ಒಂಟಿಯಾಗಿವೆ, ಎಷ್ಟು ಎಂಬುದನ್ನೂ ಆ ಅಂತರದಿಂದ ಲೆಕ್ಕ ಹಾಕಬಹುದು. ಇದೇ ಆಮ್ಲವನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಅಳೆದರೆ ಉತ್ತರ 122ರ ಹತ್ತಿರಕ್ಕೆ ಬರುತ್ತದೆ. ಅಲ್ಲಿ ಪ್ರತಿ ಅಣುವಿಗೂ ಬಂಧಕ್ಕೆ ದ್ರಾವಕವೇ ಸಿಗುವುದರಿಂದ ಅವು ಪರಸ್ಪರ ಜೋಡಿಯಾಗುವುದಿಲ್ಲ.