ಪಾದ ಮುಟ್ಟಲು ಎಷ್ಟು ದಿನ ಬೇಕು?

ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಗೊಂಬೆ ಕುಶಲಕರ್ಮಿಗಳು ಗಂಟೆಗಟ್ಟಲೆ ಮೊಣಕಾಲು ಮಡಿಸಿ ಕುಳಿತೇ ದುಡಿಯುತ್ತಾರೆ. ಅಂತಹ ನಲವತ್ತೈದು ವಯಸ್ಸಿನವರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಮೊಣಕಾಲು ಬಾಗಿಸದೆ ಪಾದಹಸ್ತಾಸನಕ್ಕೆ ಬಗ್ಗಿದರೆ ಅವರ ಬೆರಳುಗಳು ಪಾದದಿಂದ ಒಂದು ಗೇಣು ಮೇಲೆಯೇ ನಿಂತುಬಿಡುತ್ತವೆ.

ತಡೆಯುತ್ತಿರುವುದು ಯಾವುದೆಂದು ಮೊದಲು ತಿಳಿಯಬೇಕು. ಗೋಡೆಗೆ ಬೆನ್ನು ತಾಗಿಸಿ, ಕಾಲು ನೀಡಿ ಕುಳಿತಾಗ ಸೊಂಟ ಗೋಡೆಗೆ ಹತ್ತದೆ ಮುಂದಕ್ಕೆ ಜಾರಿ ಬೆನ್ನು ಗೂನಾದರೆ, ಬಿಗಿದಿರುವುದು ಬಹುಮಟ್ಟಿಗೆ ತೊಡೆಯ ಹಿಂಬದಿಯ ಸ್ನಾಯುಗಳೇ. ಆಗ ಬೆನ್ನನ್ನು ಬಗ್ಗಿಸಿ ಬಗ್ಗಿಸಿ ಎಳೆದರೆ ಪ್ರಯೋಜನವಿಲ್ಲ. ಅಂಗಾತ ಮಲಗಿ, ಒಂದು ಪಾದಕ್ಕೆ ಟವೆಲ್ ಹಾಕಿ, ಮೊಣಕಾಲನ್ನು ನೇರವಾಗಿಟ್ಟು ಆ ಕಾಲನ್ನು ನಿಧಾನವಾಗಿ ಮೇಲಕ್ಕೆತ್ತಬೇಕು. ತೊಡೆಯ ನಡುಭಾಗದಲ್ಲಿ ಸಹಿಸಬಹುದಾದ ಸೆಳೆತ ಕಂಡಲ್ಲಿ ನಿಲ್ಲಿಸಬೇಕು.

ಎಷ್ಟು ಹೊತ್ತು? 1994ರಲ್ಲಿ ಅಮೆರಿಕದ ಬ್ಯಾಂಡಿ ಮತ್ತು ಇರಿಯನ್ ಎಂಬವರು 15, 30 ಮತ್ತು 60 ಸೆಕೆಂಡುಗಳ ಹಿಡಿತವನ್ನು ವಾರಕ್ಕೆ ಐದು ದಿನದಂತೆ ಆರು ವಾರ ಪರೀಕ್ಷಿಸಿದರು. 15 ಸೆಕೆಂಡಿನಿಂದ ಹೇಳಿಕೊಳ್ಳುವಂತಹ ಫಲ ಸಿಗಲಿಲ್ಲ. 30 ಮತ್ತು 60ರ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನಮ್ಮ ಕುಶಲಕರ್ಮಿಗೆ 30 ಸೆಕೆಂಡು, ಅಂದರೆ ಆರೇಳು ನಿಧಾನವಾದ ಉಸಿರು ಸಾಕು. ಪ್ರತಿ ಕಾಲಿಗೆ ಎರಡು ಬಾರಿ, ವಾರಕ್ಕೆ ಐದು ದಿನ. ಅರವತ್ತೈದು ದಾಟಿದವರಿಗೆ ಮಾತ್ರ 60 ಸೆಕೆಂಡುಗಳ ಹಿಡಿತವೇ ಹೆಚ್ಚು ಫಲಕಾರಿ. ಹಾರಿಸಿ ಹಾರಿಸಿ ಎಳೆಯುವುದು ಬೇಡ.

ಮೊದಲ ಎರಡು ಮೂರು ವಾರಗಳಲ್ಲಿ ಬೆರಳು ಎರಡಂಗುಲ ಕೆಳಗಿಳಿಯಬಹುದು. ಸ್ನಾಯು ಉದ್ದವಾಯಿತೆಂದು ಹಿಗ್ಗಬೇಕಾಗಿಲ್ಲ. ಆ ಸೆಳೆತವನ್ನು ನರಮಂಡಲ ಸಹಿಸಲು ಕಲಿತಿದೆ, ಅಷ್ಟೇ. ಅನಂತರದ ಗತಿ ಮಂದ. ನಾಲ್ಕಂಗುಲದ ಅಂತರವಿರುವವರು ಆರರಿಂದ ಎಂಟು ವಾರಗಳಲ್ಲಿ ಪಾದ ಮುಟ್ಟಬಹುದು. ಒಂದು ಗೇಣಿನ ಅಂತರಕ್ಕೆ ಮೂರರಿಂದ ಆರು ತಿಂಗಳು ಎಂದುಕೊಳ್ಳುವುದು ನ್ಯಾಯ. ಕಾಲು ಉದ್ದವಾಗಿ ತೋಳು ಗಿಡ್ಡವಾಗಿರುವವರಿಗೆ ಇನ್ನೂ ತಡವಾಗಬಹುದು; ಅದು ದೇಹದ ಅಳತೆಯ ಮಾತೇ ಹೊರತು ಅಭ್ಯಾಸದ ದೋಷವಲ್ಲ. ಹದಿನೈದು ದಿನಕ್ಕೊಮ್ಮೆ, ಅದೇ ಹೊತ್ತಿನಲ್ಲಿ ಅಳೆದರೆ ಸಾಕು. ಬೆಳಗಿನ ಅಳತೆಯನ್ನು ಸಂಜೆಯದಕ್ಕೆ ಹೋಲಿಸಿದರೆ ಮೋಸಹೋಗುತ್ತೇವೆ.

ಎದ್ದ ಮೊದಲ ಗಂಟೆಯಲ್ಲಿ ಬೆನ್ನುಮೂಳೆಗಳ ನಡುವಿನ ತಟ್ಟೆಗಳು ನೀರು ಹೀರಿ ಉಬ್ಬಿರುತ್ತವೆ. ಆ ಹೊತ್ತಿನಲ್ಲಿ ಪೂರ್ತಿ ಬಗ್ಗುವುದಕ್ಕಿಂತ ಸಂಜೆ, ಸ್ವಲ್ಪ ನಡೆದಾಡಿ ಮೈ ಬೆಚ್ಚಗಾದ ಮೇಲೆ ಅಭ್ಯಾಸ ಮಾಡುವುದು ಒಳಿತು. ಸೆಳೆತವು ಮೊಣಕಾಲಿನ ಹಿಂದೆ ಚುಚ್ಚಿದಂತಾಗಿ ಪಾದದವರೆಗೆ ಜುಮ್ಮೆನಿಸಿದರೆ ಎಳೆಯುತ್ತಿರುವುದು ನರ. ಕೂಡಲೇ ಕಾಲನ್ನು ಇಳಿಸಬೇಕು. ಡಿಸ್ಕ್ ಜಾರಿದವರು, ಮೂಳೆ ಸವೆತವುಳ್ಳವರು ವೈದ್ಯರನ್ನು ಕೇಳದೆ ಬಗ್ಗಬಾರದು.

ಪಾದ ಮುಟ್ಟಿದ ಮೇಲೆ ಅಭ್ಯಾಸವನ್ನು ಪೂರ್ತಿ ಬಿಟ್ಟರೆ ಕೆಲವೇ ವಾರಗಳಲ್ಲಿ ಬಿಗಿತ ಮರಳುತ್ತದೆ. ಉಳಿಸಿಕೊಳ್ಳಲು ವಾರಕ್ಕೆ ಎರಡು ಮೂರು ದಿನ ಸಾಕಾಗುತ್ತದೆ.