ಎತ್ತರದ ಗುಟ್ಟು

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರು ಒಂದು ವ್ಯಾಧಿಗೆ ಅಂಟಿಕೊಂಡಿದೆ. 1970ರ ದಶಕದಲ್ಲಿ ಬೆಳಕಿಗೆ ಬಂದ ಈ ವ್ಯಾಧಿಯಲ್ಲಿ ಸೊಂಟ, ಮೊಣಕಾಲುಗಳ ಕೀಲು ನೋಯುತ್ತವೆ. ಕೆಲವರ ದೇಹವೇ ಕುಬ್ಜವಾಗುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಂದ ದೋಷ ಇಳಿದು ಬಂದರೂ ಸಾಕು. ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ವಂಶವಾಹಿಯ ಒಂದೇ ಒಂದು ವಿರಳ ವ್ಯತ್ಯಾಸವು ಎತ್ತರವನ್ನು ಇಷ್ಟು ಕುಗ್ಗಿಸಬಲ್ಲದು.

ಹಾಗಾದರೆ ನೆರೆಮನೆಯ ಹುಡುಗ ನಮ್ಮವನಿಗಿಂತ ಎರಡಂಗುಲ ಎತ್ತರವಾಗಿರುವುದೇಕೆ? ಆಹಾರ, ಆರೋಗ್ಯಗಳ ಜೊತೆಗೆ ಅಲ್ಲಿ ಕೆಲಸ ಮಾಡುವುದು ಬಹುಜನರಲ್ಲಿರುವ ಸಾಮಾನ್ಯ ವ್ಯತ್ಯಾಸಗಳು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 54 ಲಕ್ಷ ಜನರನ್ನು ಪರಿಶೀಲಿಸಿ ಇಂಥ 12,111 ವ್ಯತ್ಯಾಸಗಳನ್ನು ಗುರುತಿಸಿತು. ಬಹುತೇಕ ಒಂದೊಂದರ ಪ್ರಭಾವ ಮಿಲಿಮೀಟರಿನ ಲೆಕ್ಕದ್ದು. ಆದರೆ ಹನಿಗೂಡಿದರೆ ಹಳ್ಳ. ಯೂರೋಪ್ ಮೂಲದವರ ಎತ್ತರದ ಅಂತರದಲ್ಲಿ ಶೇಕಡಾ 40ರಷ್ಟನ್ನು ಅವು ವಿವರಿಸುತ್ತವೆ.

ಪರೀಕ್ಷೆಗೊಳಗಾದವರಲ್ಲಿ ಮುಕ್ಕಾಲು ಪಾಲು ಯೂರೋಪ್ ಮೂಲದವರೇ. ದಕ್ಷಿಣ ಏಷ್ಯಾದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಆದುದರಿಂದ ಈ ಲೆಕ್ಕ ನಮ್ಮವರಿಗೆ ಅಷ್ಟು ಚೆನ್ನಾಗಿ ಹೊಂದದು. ಹಂದಿಗೋಡಿನಂಥ ವಿರಳ ದೋಷವಂತೂ ಈ ಪಟ್ಟಿಯಲ್ಲಿ ಕಾಣಸಿಗದು. ಮಗುವಿನ ಬೆಳವಣಿಗೆ ತೀರ ಕುಂಠಿತವಾಗಿ ಕೀಲುನೋವೂ ಇದ್ದರೆ, ವೈದ್ಯರು ಹುಡುಕಬೇಕಾದುದು ಸಾವಿರಾರು ಹನಿಗಳನ್ನಲ್ಲ, ಆ ಒಂದನ್ನು.