ಲಿಥಿಯಂ ಮತ್ತು ಉಪ್ಪಿನ ಲೆಕ್ಕ

ಮನೋವೈದ್ಯಶಾಸ್ತ್ರದ ಪಿಜಿ ವಿದ್ಯಾರ್ಥಿಗಳಿಗೆ ಲಿಥಿಯಂ ಪಾಠವನ್ನು ನಾನು ಕಿಡ್ನಿಯಿಂದ ಶುರು ಮಾಡುತ್ತೇನೆ. ಬಹಳಷ್ಟು ಔಷಧಗಳನ್ನು ಯಕೃತ್ತು ಒಡೆದುಹಾಕುತ್ತದೆ. ಲಿಥಿಯಂ ಮೂಲಧಾತು, ಒಡೆಯಲು ಅದರಲ್ಲಿ ಏನೂ ಇಲ್ಲ. ನುಂಗಿದ್ದು ಹಾಗೆಯೇ ಮೂತ್ರದಲ್ಲಿ ಹೋಗಬೇಕು. ಆದರೆ ಕಿಡ್ನಿ ಅದನ್ನೂ ಸೋಡಿಯಂ ಎಂದೇ ಬಗೆದು, ಸೋಸಿದ್ದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದರೆ ಇನ್ನೂ ಹೆಚ್ಚು ಎಳೆದುಕೊಳ್ಳುತ್ತದೆ.

ಪಾಠಕ್ಕೆಂದು ನಾನು ಕಟ್ಟಿಕೊಂಡ ಉದಾಹರಣೆ ಹೀಗಿದೆ. 52 ವರ್ಷದ ತಾಯಿ, ಬೈಪೋಲಾರ್ ಕಾಯಿಲೆ. ರಾತ್ರಿ 900 ಮಿಲಿಗ್ರಾಂ ಲಿಥಿಯಂ ತೆಗೆದುಕೊಂಡು ಎಂಟು ವರ್ಷದಿಂದ ಚೆನ್ನಾಗಿದ್ದಾರೆ. ಮೂರು ತಿಂಗಳಿಗೊಮ್ಮೆ ನೋಡುವ ರಕ್ತದ ಮಟ್ಟ ಲೀಟರಿಗೆ 0.7 ಮಿಲಿಮೋಲ್. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ನೋಡುತ್ತಾರೆ. ಬೇಸಿಗೆಯಲ್ಲಿ ಮಂಡಿನೋವು ಬಂತು, ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಹತ್ತು ದಿನ ನುಂಗಿದರು. ಈ ಗುಂಪಿನ ನೋವಿನ ಮಾತ್ರೆಗಳು ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳದ್ದೂ ಇದೇ ಕಥೆ. ಮೇಲೆ ಎರಡು ದಿನ ಭೇದಿ.

ಮಗ ಕರೆದುಕೊಂಡು ಬರುತ್ತಾನೆ: "ಸರ್, ಅಮ್ಮ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ." ತಪ್ಪಿಸದೇ ಇದ್ದದ್ದೇ ಇಲ್ಲಿ ತೊಂದರೆ. ಭೇದಿ, ವಾಂತಿ ಶುರುವಾದ ದಿನವೇ ವೈದ್ಯರಿಗೆ ಫೋನ್ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲು ಕೈ ಚಾಚಿದಾಗ ಬೆರಳ ತುದಿ ಸಣ್ಣಗೆ ಅದುರುತ್ತಿತ್ತು. ಈಗ ಲೋಟ ಎತ್ತಿದರೆ ಕಾಫಿ ಸೀರೆಯ ಮೇಲೆ ಚೆಲ್ಲುತ್ತದೆ, ಮಾತು ತೊದಲುತ್ತದೆ, ನಡಿಗೆ ವಾಲುತ್ತದೆ. ಈ ಒರಟು ನಡುಕ ಕಂಡರೆ ವರದಿಗಾಗಿ ಕಾಯದೆ ಲಿಥಿಯಂ ನಿಲ್ಲಿಸಬೇಕು.

ಮಟ್ಟ 2.1 ಬಂತು. ಮಾಮೂಲಿ ಪರೀಕ್ಷೆಗಾದರೆ ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ತೆಗೆಯಬೇಕು, ವಿಷವೇರಿದ ಅನುಮಾನವಿದ್ದರೆ ತಕ್ಷಣ. ಲಿಥಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿಗೆ ಮಾತ್ರ ಹಾಕಬಾರದು, ಟ್ಯೂಬಿನ ಲಿಥಿಯಂ ಸೇರಿ ಅಂಕಿ ಸುಳ್ಳೇ ಏರುತ್ತದೆ.

ಆಕೆಗೆ ಎಚ್ಚರವಿದೆ, ಹಾಗಾಗಿ ಸಲೈನ್ ಡ್ರಿಪ್ ಹಾಕಿ ಸೋಡಿಯಂ ಮೇಲೆ ಕಣ್ಣಿಡುತ್ತೇವೆ. ವರ್ಷಗಟ್ಟಲೆ ಲಿಥಿಯಂ ಕಂಡ ಕಿಡ್ನಿ ನೀರನ್ನು ಹಿಡಿದಿಡದೆ ಹೋದರೆ ಸೋಡಿಯಂ ವಿಪರೀತ ಏರಬಹುದು. ಮಂಪರು ಅಥವಾ ಫಿಟ್ಸ್ ಬಂದರೆ ಡಯಾಲಿಸಿಸ್.

ಎರಡು ದಿನದಲ್ಲಿ ಮಟ್ಟ 0.9ಕ್ಕೆ ಇಳಿಯುತ್ತದೆ. "ಡಿಸ್ಚಾರ್ಜ್ ಮಾಡೋಣವಾ ಸರ್?" ಎಂದು ವಿದ್ಯಾರ್ಥಿ ಕೇಳುತ್ತಾನೆ. ನಾನು ಅವನನ್ನು ಹಾಸಿಗೆಯ ಬಳಿ ಕರೆದೊಯ್ಯುತ್ತೇನೆ. ಆಕೆಯ ಮಾತು ಇನ್ನೂ ತೊದಲುತ್ತಿದೆ. ರಕ್ತದಿಂದ ಹೋದ ಲಿಥಿಯಂ ಮಿದುಳಿನಿಂದ ನಿಧಾನವಾಗಿ ಹೊರಬರುತ್ತದೆ. ಕೆಲವರಲ್ಲಿ ಆ ವಾಲುನಡಿಗೆ ಹಾಗೆಯೇ ಉಳಿದುಬಿಡುವುದೂ ಉಂಟು.